ಆಲೂಗಡ್ಡೆ ಹಸಿರಾದರೆ ತಿನ್ನಬಹುದೇ?



ಪುಣೆಯ ನಮ್ಮ ಕಟ್ಟಡದಲ್ಲಿರುವ ಧಾರವಾಡದ ಕಾಕೂ ಹೋದ ವಾರ ಬುಟ್ಟಿ ಹಿಡಿದು ಬಂದರು. "ಡಾಕ್ಟ್ರ, ಬಟಾಟಿ ಹಸರಾಗ್ಯಾವ. ಕುದಿಸಿದ್ರ ನಡೀತದಲ್ರೀ?" ಎಂದು ಕೇಳಿದರು. 5 ಕಿಲೋ ತಂದು, ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲೇ ಅಡುಗೆಮನೆ ಕಿಟಕಿಯ ಪಕ್ಕ ಮೂರು ವಾರ ಇಟ್ಟಿದ್ದರು.

ಆಲೂಗಡ್ಡೆ ಬೇರಲ್ಲ, ಮಣ್ಣಿನೊಳಗೆ ದಪ್ಪಗಾದ ಕಾಂಡ. ಬೆಳಕು ಬಿದ್ದರೆ ಎಲೆಯ ಹಾಗೆ ಅದೂ ಹಸಿರಾಗುತ್ತದೆ. ಟ್ಯೂಬ್‌ಲೈಟ್ ಬೆಳಕೂ ಸಾಕು. ಆ ಹಸಿರು ಪಾಲಕ್ ಸೊಪ್ಪಿನಲ್ಲಿರುವುದೇ, ಅದರಿಂದ ತೊಂದರೆಯಿಲ್ಲ. ಆದರೆ ಅದೇ ಬೆಳಕಿಗೆ ಸಿಪ್ಪೆಯಲ್ಲಿ ಸೋಲನಿನ್ ಎಂಬ ಕಹಿ ವಿಷವೂ ಹೆಚ್ಚುತ್ತದೆ. ಕಿತ್ತ ಮೇಲೆ ಕೆಲವು ವಾರ ಸುಮ್ಮನಿರುವ ಗಡ್ಡೆ, ಸೆಕೆಗೆ ಎಚ್ಚೆತ್ತು ಮೊಳಕೆ ಬಿಡುತ್ತದೆ. ಮೊಳಕೆಯಲ್ಲೂ ಅದರ ಬುಡದ ಕಣ್ಣಿನಲ್ಲೂ ಈ ವಿಷ ಹೆಚ್ಚಿರುತ್ತದೆ.

ಕುದಿಸಿದರೆ ಇದು ಹೋಗುವುದಿಲ್ಲ. 1969ರಲ್ಲಿ ಲಂಡನ್ನಿನ ಒಂದು ಶಾಲೆಯಲ್ಲಿ ರಜೆಗೆ ಮುಂಚೆ ತಂದು ಉಳಿದಿದ್ದ ಆಲೂಗಡ್ಡೆ ಬೇಯಿಸಿ ಬಡಿಸಿದ್ದರು. 78 ಹುಡುಗರಿಗೆ ವಾಂತಿ ಭೇದಿಯಾಯಿತು, 17 ಮಂದಿ ಆಸ್ಪತ್ರೆ ಸೇರಿದರು. ಎಲ್ಲರೂ ಗುಣವಾದರು. ತಿಂದು ಹಲವು ಗಂಟೆಗಳ ನಂತರ ಹೊಟ್ಟೆನೋವು, ವಾಂತಿ ಶುರುವಾಗುವುದರಿಂದ ಆಲೂಗಡ್ಡೆಯ ಮೇಲೆ ಅನುಮಾನವೇ ಬರುವುದಿಲ್ಲ. ನಾನು ಹೃದಯದ ವೈದ್ಯ. ಬಿಪಿ ಮಾತ್ರೆ, ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಇಂಥ ವಾಂತಿ ಭೇದಿಯಾದರೆ ಬಿಪಿ ಕುಸಿದು ತಲೆಸುತ್ತಿ ಬೀಳಬಹುದು. ಅವರು ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕಾಕೂ ಜೊತೆ ಕೂತು ಬುಟ್ಟಿಯನ್ನು ಮೂರು ಪಾಲು ಮಾಡಿದೆ.

✅ ಗಟ್ಟಿಯಾಗಿದ್ದು ಪುಟ್ಟ ಮೊಳಕೆ ಬಂದವು: ಮೊಳಕೆಯನ್ನು ಕಣ್ಣಿನ ಸಮೇತ ಆಳವಾಗಿ ಕೆತ್ತಿ ತೆಗೆದು ಬಳಸಬಹುದು.

✅ ಒಂದು ಕಡೆ ಮಾತ್ರ ತೆಳು ಹಸಿರು: ಸಿಪ್ಪೆಯನ್ನೂ ಹಸಿರು ಭಾಗವನ್ನೂ ದಪ್ಪಗೆ ಕತ್ತರಿಸಿ ತೆಗೆಯಿರಿ. ಮಕ್ಕಳಿಗೆ ಇದು ಬೇಡ.

❌ ಒಳಗಿನವರೆಗೂ ಹಸಿರಾದವು, ಸುಕ್ಕುಗಟ್ಟಿ ಮೆತ್ತಗಾದವು, ಉದ್ದ ಮೊಳಕೆಯವು: ಬಿಸಾಡಿ. ಬೇಯಿಸಿದ ಮೇಲೆ ಕಹಿಯಾದರೆ, ಬಾಯಿ ಉರಿದರೆ ಆ ಪಲ್ಯವನ್ನೂ ತಿನ್ನಬೇಡಿ.

ಇನ್ನು ಇಡುವ ರೀತಿ. ತಂದ ಕೂಡಲೇ ಪ್ಲಾಸ್ಟಿಕ್‌ನಿಂದ ತೆಗೆಯಿರಿ, ತೊಳೆಯಬೇಡಿ. ಗಾಳಿಯಾಡುವ ಬುಟ್ಟಿ ಅಥವಾ ಗೋಣಿಚೀಲದಲ್ಲಿ ಹಾಕಿ, ದಪ್ಪ ಬಟ್ಟೆ ಮುಚ್ಚಿ, ಒಲೆ ಮತ್ತು ಫ್ರಿಜ್‌ನ ಬಿಸಿ ತಾಗದ ಕತ್ತಲೆ ಮೂಲೆಯಲ್ಲಿಡಿ. ಆಲೂಗಡ್ಡೆಯ ತೇವಕ್ಕೆ ಈರುಳ್ಳಿ ಕೆಡುತ್ತದೆ, ಆದ್ದರಿಂದ ಎರಡನ್ನೂ ಬೇರೆಬೇರೆ ಇಡಿ. ಫ್ರಿಜ್‌ನಲ್ಲಿಟ್ಟರೆ ಅದರ ಪಿಷ್ಟ ಸಕ್ಕರೆಯಾಗಿ ರುಚಿ ಸಿಹಿಯಾಗುತ್ತದೆ, ಕರಿದರೆ ಬೇಗ ಕಪ್ಪಾಗುತ್ತದೆ. ಚೆನ್ನೈ, ಹೈದರಾಬಾದ್, ಮುಂಬೈ ಸೆಕೆಯಲ್ಲಿ ಯಾವ ಮೂಲೆಯೂ ತಣ್ಣಗಿರುವುದಿಲ್ಲ. ಅಲ್ಲಿ ಒಂದು ವಾರಕ್ಕೆ ಬೇಕಾದಷ್ಟೇ ತನ್ನಿ.

ಕಾಕೂ ಈಗ ಒಂದೂವರೆ ಕಿಲೋ ಮಾತ್ರ ತರುತ್ತಾರೆ. ಬುಟ್ಟಿ ಕಿಟಕಿ ಬಿಟ್ಟು ಕಟ್ಟೆಯ ಕೆಳಗೆ ಹೋಗಿದೆ.