ಹೊಂಗೆಯ ಡೀಸೆಲ್, ನೆಲದಡಿಯ ಡೀಸೆಲ್
(ಬಾನುಲಿ ಭಾಷಣ)

ಶ್ರೀರಂಗಪಟ್ಟಣದಿಂದ ಪಾಂಡವಪುರದ ಮೇಲೆ ಹಾದು ನಾಗಮಂಗಲ, ಕೃಷ್ಣರಾಜಪೇಟೆಗಳ ಕಡೆಗೆ ಹೊರಟವರು ಕಣ್ಣಿನಿಂದಲೇ ಒಂದು ವ್ಯತ್ಯಾಸವನ್ನು ಗುರುತಿಸಬಲ್ಲರು. ನಾಲೆಯ ನೀರು ಹರಿಯುವಲ್ಲಿ ಗದ್ದೆ ಮತ್ತು ಕಬ್ಬು. ನೀರು ಏರದ ಕಡೆ ರಾಗಿಯ ಹೊಲ, ಅದರ ಬದುವಿನಲ್ಲಿ ಹೊಂಗೆಯ ಮರ. ಗದ್ದೆಯವನಿಗೂ ಹೊಂಗೆ ಅಪರಿಚಿತವಲ್ಲ. ಅದರ ಸೊಪ್ಪನ್ನು ಕೆಸರಿನಲ್ಲಿ ತುಳಿದು, ಹಿಂಡಿಯನ್ನು ಗೊಬ್ಬರವಾಗಿ ಎರಚಿ ಬೆಳೆ ತೆಗೆದವನು ಅವನು. ಎಣ್ಣೆಯಂತೂ ಒಂದು ಕಾಲಕ್ಕೆ ಮನೆಯ ಹಣತೆಯಲ್ಲಿ ಉರಿಯುತ್ತಿತ್ತು. ಅದೇ ಎಣ್ಣೆಯನ್ನು ಟ್ರಾಕ್ಟರಿಗೆ ಹಾಕಬಹುದೇ ಎಂಬ ಪ್ರಶ್ನೆ ಈ ಸೀಮೆಯಲ್ಲಿ ಏಳುವುದು ಸಹಜ. ಉತ್ತರ ಮಾತ್ರ ‘ಹೌದು’ ಅಥವಾ ‘ಇಲ್ಲ’ ಎಂಬ ಒಂದು ಮಾತಿನಲ್ಲಿ ಮುಗಿಯುವುದಿಲ್ಲ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಕಬ್ಬಿನ ನಾಡಾದ ಇಲ್ಲಿ ‘ಬೆಳೆಯಿಂದ ಬಂದ ಇಂಧನ’ ಎಂದೊಡನೆ ಕಾಕಂಬಿಯಿಂದ ತಯಾರಾಗುವ ಎಥನಾಲ್ ನೆನಪಾಗುತ್ತದೆ. ಅದು ಮದ್ಯಸಾರ, ಬೆರೆಯುವುದು ಪೆಟ್ರೋಲಿಗೆ. ಜೈವಿಕ ಡೀಸೆಲ್ ಹುಟ್ಟುವುದು ಸಕ್ಕರೆಯಿಂದಲ್ಲ, ಕೊಬ್ಬಿನಿಂದ. ಹೊಂಗೆ, ತಾಳೆ, ಹರಳು ಮೊದಲಾದ ಎಣ್ಣೆಗಳು, ಪ್ರಾಣಿಗಳ ಕೊಬ್ಬು, ಶ್ರೀರಂಗಪಟ್ಟಣದ ಹೋಟೆಲುಗಳಲ್ಲಿ ಬೋಂಡ ಕರಿದು ಮಿಕ್ಕ ಎಣ್ಣೆ, ಎಲ್ಲವೂ ಅದಕ್ಕೆ ಕಚ್ಚಾ ಸಾಮಗ್ರಿಯೇ.

ನೆಲದಡಿಯ ಡೀಸೆಲ್ ಕೂಡ ಮೂಲದಲ್ಲಿ ಜೀವಿಗಳದೇ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಹೂತುಹೋದ ಸೂಕ್ಷ್ಮಜೀವಿಗಳು ಒತ್ತಡದಲ್ಲಿ, ಕಾವಿನಲ್ಲಿ ಬೆಂದು ತಮ್ಮಲ್ಲಿದ್ದ ಆಮ್ಲಜನಕವನ್ನು ಬಹುಪಾಲು ಕಳೆದುಕೊಂಡುವು. ಇಂಗಾಲ ಮತ್ತು ಜಲಜನಕಗಳ ಸರಪಳಿಗಳಷ್ಟೇ ಉಳಿದುವು. ಮಂಗಳೂರಿನಂಥ ಶುದ್ಧೀಕರಣ ಕೇಂದ್ರದಲ್ಲಿ ಕಚ್ಚಾ ತೈಲವನ್ನು ಕಾಯಿಸಿದಾಗ, ಸುಮಾರು 180ರಿಂದ 360 ಡಿಗ್ರಿ ಸೆಲ್ಸಿಯಸ್‌ವರೆಗೆ ಆವಿಯಾಗಿ ಇಳಿಯುವ ಭಾಗವೇ ಡೀಸೆಲ್. ಹೊಂಗೆಯ ಬೀಜವಾದರೋ ಕಳೆದ ವರ್ಷದ ಬಿಸಿಲನ್ನು ಕೂಡಿಟ್ಟುಕೊಂಡದ್ದು. ಅದರ ಎಣ್ಣೆಯಲ್ಲಿ ಆಮ್ಲಜನಕ ಇನ್ನೂ ಉಳಿದಿದೆ. ಮುಂದೆ ನಾವು ಕಾಣುವ ಗುಣದೋಷಗಳಿಗೆಲ್ಲ ಈ ಒಂದು ಭೇದವೇ ಬೀಜ.

ಗಾಣದ ಎಣ್ಣೆಯನ್ನು ನೇರವಾಗಿ ಟ್ಯಾಂಕಿಗೆ ಸುರಿದರೇನು? ಎಂಜಿನ್ ಓಡುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ಆದರೆ ಎಣ್ಣೆ ಡೀಸೆಲಿಗಿಂತ ಹತ್ತು ಪಟ್ಟು ಮಂದ. ನಳಿಕೆಯ ತುದಿಯಿಂದ ಅದು ಮಂಜಿನಂತೆ ಚಿಮ್ಮದೆ ದಪ್ಪ ಹನಿಯಾಗಿ ಬೀಳುತ್ತದೆ. ಅರೆ ಬೆಂದು ಇದ್ದಿಲಾಗಿ ಕೂರುತ್ತದೆ. ಕೆಲವು ವಾರಗಳಲ್ಲಿ ನಳಿಕೆ ಕಟ್ಟಿ, ಪಿಸ್ಟನ್ನಿನ ಬಳೆಗಳು ಅಂಟಿಕೊಳ್ಳುತ್ತವೆ. ಆದ್ದರಿಂದ ಎಣ್ಣೆಯನ್ನು ಮೊದಲು ತೆಳುಗೊಳಿಸಬೇಕು.

ತೆಳುಗೊಳಿಸುವ ಬಗೆ ಹೀಗೆ. ಎಣ್ಣೆಯ ಒಂದು ಅಣುವೆಂದರೆ ಗ್ಲಿಸರಿನ್ನಿನ ನೊಗಕ್ಕೆ ಕಟ್ಟಿದ ಮೂರು ಕೊಬ್ಬಿನಾಮ್ಲದ ಸರಪಳಿಗಳು. ನೂರು ಲೀಟರ್ ಹೊಂಗೆ ಎಣ್ಣೆಗೆ ಇಪ್ಪತ್ತರಿಂದ ಇಪ್ಪತ್ತೈದು ಲೀಟರ್ ಮೆಥನಾಲನ್ನೂ ಎಣ್ಣೆಯ ತೂಕದ ನೂರಕ್ಕೆ ಒಂದರಷ್ಟು ಕ್ಷಾರವನ್ನೂ ಸೇರಿಸಿ, 60 ಡಿಗ್ರಿಯ ಕಾವಿನಲ್ಲಿ ಒಂದು ಒಂದೂವರೆ ಗಂಟೆ ಕದಡಿದರೆ ನೊಗ ಕಳಚುತ್ತದೆ. ಮೂರು ಸರಪಳಿಗಳೂ ಬೇರೆಬೇರೆಯಾಗಿ ಒಂದೊಂದು ಮೆಥನಾಲನ್ನು ಹಿಡಿದುಕೊಳ್ಳುತ್ತವೆ. ಇವೇ ಎಸ್ಟರುಗಳು, ಇದೇ ಜೈವಿಕ ಡೀಸೆಲ್. ಭಾರವಾದ ಗ್ಲಿಸರಿನ್, ಸುಮಾರು ಹತ್ತು ಕಿಲೋ, ತಳಕ್ಕೆ ಇಳಿಯುತ್ತದೆ. ಹೆಚ್ಚಾಗಿ ಹಾಕಿದ ಮೆಥನಾಲನ್ನು ಆವಿಯಾಗಿಸಿ ಮರಳಿ ಪಡೆದು, ಉಳಿದುದನ್ನು ನೀರಿನಿಂದ ತೊಳೆದು ಒಣಗಿಸಬೇಕು. ಮೆಥನಾಲ್ ಕುಡಿದರೂ ಉಸಿರಾಡಿದರೂ ವಿಷ, ಬೆಂಕಿಗಂತೂ ಆತುರ; ಇದು ಅಡುಗೆಮನೆಯ ಕೆಲಸವಲ್ಲ.

ಹೊಂಗೆಯಲ್ಲಿ ಇನ್ನೊಂದು ತೊಡಕುಂಟು. ಮಳೆಗೆ ನೆನೆದ, ಮೂಟೆಯಲ್ಲಿ ಮುಗ್ಗಿದ ಬೀಜದ ಎಣ್ಣೆಯಲ್ಲಿ ಕೊಬ್ಬಿನಾಮ್ಲ ಬಿಡಿಯಾಗಿ ಸೇರಿರುತ್ತದೆ. ಅದು ನೂರಕ್ಕೆ ಎರಡು ಮೂರು ಪಾಲನ್ನು ಮೀರಿದರೆ ಹಾಕಿದ ಕ್ಷಾರ ಅದರೊಡನೆ ಕೂಡಿ ಸಾಬೂನಾಗುತ್ತದೆ. ಪಾತ್ರೆಯ ತುಂಬ ನೊರೆ, ಗ್ಲಿಸರಿನ್ ಬೇರ್ಪಡದು. ಅಂಥ ಎಣ್ಣೆಗೆ ಮೊದಲು ಗಂಧಕಾಮ್ಲದ ಸಂಸ್ಕಾರ, ಆಮೇಲೆ ಕ್ಷಾರದ್ದು. ಬೀಜವನ್ನು ಒಣಗಿಸಿಡುವ ಎಚ್ಚರದಿಂದಲೇ ಇಂಧನದ ಗುಣ ಶುರುವಾಗುತ್ತದೆ.

ಇನ್ನು ಬೆರಕೆಯ ಮಿತಿ. ನಮ್ಮ ದೇಶದ ಮಾನಕದಂತೆ, ಪಂಪಿನಲ್ಲಿ ‘ಡೀಸೆಲ್’ ಎಂದು ಮಾರುವ ಇಂಧನದಲ್ಲಿ ನೂರಕ್ಕೆ 7ರವರೆಗೆ ಜೈವಿಕ ಡೀಸೆಲ್ ಇರಬಹುದು. ಅದನ್ನು ಮೀರಿ 20ರವರೆಗಿನ ಮಿಶ್ರಣಕ್ಕೆ ಬೇರೆ ಮಾನಕವಿದೆ. ಅದನ್ನು ಎಂಜಿನ್ ತಯಾರಕರು ಒಪ್ಪಿದ್ದರೆ ಮಾತ್ರ ಬಳಸುವುದು ಕ್ಷೇಮ. ಈ ಅಂಕೆಗಳು ಯಾರೋ ಮನಬಂದಂತೆ ಗೆರೆ ಎಳೆದುವಲ್ಲ. ಎಸ್ಟರಿಗೆ ಕರಗಿಸುವ ಗುಣವಿದೆ. ಹಳೆಯ ಟ್ಯಾಂಕಿನ ಗೋಡೆಗೆ ವರ್ಷಗಳಿಂದ ಅಂಟಿದ್ದ ಮಡ್ಡಿಯನ್ನು ಅದು ಬಿಡಿಸಿ ತಂದು ಫಿಲ್ಟರಿಗೆ ತುಂಬುತ್ತದೆ. ಹಳೆಯ ರಬ್ಬರಿನ ಕೊಳವೆ, ಸೀಲುಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಡೀಸೆಲಿನಷ್ಟು ಸುಲಭವಾಗಿ ಆವಿಯಾಗದ ಕಾರಣ, ಸಿಲಿಂಡರಿನ ಗೋಡೆಯಿಂದ ಜಾರಿ ಎಂಜಿನ್ ಆಯಿಲಿನೊಳಗೆ ಸೇರಿದ್ದು ಅಲ್ಲೇ ಉಳಿದು ಆಯಿಲನ್ನು ತೆಳುಮಾಡುತ್ತದೆ. ಡಿಪ್ ಕಡ್ಡಿಯಲ್ಲಿ ಆಯಿಲಿನ ಮಟ್ಟ ಇಳಿಯುವ ಬದಲು ಏರಿದರೆ ಅದೇ ಸೂಚನೆ. ನೂರಕ್ಕೆ ಏಳರಲ್ಲಿ ಇವೆಲ್ಲ ಲೆಕ್ಕಕ್ಕೆ ಬಾರವು. ಇಪ್ಪತ್ತರಲ್ಲಿ ನಿಗಾ ಬೇಕು. ನೂರರಲ್ಲಿ ಎಂಜಿನ್ನನ್ನೇ ಅದಕ್ಕೆಂದು ಸಜ್ಜುಗೊಳಿಸಬೇಕು.

ಅಲ್ಪ ಬೆರಕೆಯಿಂದ ಲಾಭವೂ ಇದೆ. 2020ರ ಏಪ್ರಿಲಿನಿಂದ ದೇಶದ ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಪಾಲನ್ನು ಮೀರುವಂತಿಲ್ಲ. ಗಂಧಕವನ್ನು ಕಿತ್ತುಹಾಕುವಾಗ ಡೀಸೆಲಿನ ಸಹಜವಾದ ಜಾರುತನವೂ ಹೋಗಿ ಪಂಪು ಸವೆಯುತ್ತದೆ. ನೂರಕ್ಕೆ ಒಂದೆರಡು ಪಾಲು ಎಸ್ಟರು ಆ ಜಾರುತನವನ್ನು ಮರಳಿ ಕೊಡುತ್ತದೆ. ಶಕ್ತಿಯಲ್ಲಿ ಮಾತ್ರ ಅದು ಕೊಂಚ ಹಿಂದೆ. ಒಳಗಿರುವ ಆಮ್ಲಜನಕ ಉರಿಯುವ ವಸ್ತುವಲ್ಲ. ಹಾಗಾಗಿ ಲೀಟರಿಗೆ ನೂರಕ್ಕೆ ಎಂಟರಷ್ಟು ಕಾವು ಕಡಿಮೆ.

ಚಳಿಯ ವಿಚಾರಕ್ಕೆ ಬರೋಣ. ಮಾಗಿಯಲ್ಲಿ ಕೊಬ್ಬರಿ ಎಣ್ಣೆ ಸೀಸೆಯೊಳಗೆ ಗಟ್ಟಿಯಾದಾಗಲೂ ಪಕ್ಕದ ಸೀಸೆಯ ಕಡಲೆಕಾಯಿ ಎಣ್ಣೆ ನೀರಾಗಿಯೇ ಇರುವುದನ್ನು ಎಲ್ಲರೂ ಕಂಡಿದ್ದೇವೆ. ಕಾರಣ ಸರಪಳಿಗಳ ಆಕಾರ. ನೆಟ್ಟಗಿನ ಸರಪಳಿಗಳು ಸೌದೆಯ ಹೊರೆಯಂತೆ ಒತ್ತಾಗಿ ಜೋಡಿಸಿಕೊಂಡು ಬೇಗ ಹೆಪ್ಪುಗಟ್ಟುತ್ತವೆ. ನಡುವೆ ಸೊಟ್ಟ ಇರುವವು ಹಾಗೆ ಕೂಡಲಾರವು. ತಾಳೆ ಎಣ್ಣೆಯಲ್ಲಿ ಧಾರಾಳವಾಗಿರುವ ಪಾಮಿಟಿಕ್ ಆಮ್ಲ ನೆಟ್ಟಗಿನದು. ಅದರ ಎಸ್ಟರು ಸುಮಾರು 30 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ. ಹೊಂಗೆಯಲ್ಲಿ ಅರ್ಧದಷ್ಟಿರುವ ಓಲಿಯಿಕ್ ಆಮ್ಲ ಸೊಟ್ಟದ್ದು. ಅದರ ಎಸ್ಟರು ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದರೆ ಮಾತ್ರ ಹೆಪ್ಪುಗಟ್ಟೀತು. ಆದರೆ ಹೊಂಗೆಯಲ್ಲಿ ಬಿಹೆನಿಕ್ ಎಂಬ ಉದ್ದನೆಯ, ನೆಟ್ಟಗಿನ ಸರಪಳಿಯೂ ಸ್ವಲ್ಪ ಇದೆ. ಮೊದಲ ಹರಳುಗಳು ಕಾಣುವುದು ಅಂಥವುಗಳಿಂದಲೇ. ನೆಲದಡಿಯ ಡೀಸೆಲಿನಲ್ಲೂ ಮೇಣವಿದೆ. ಆದರೆ ಶುದ್ಧೀಕರಣದಲ್ಲಿ ಆ ಭಾಗವನ್ನು ಕಡಿತಗೊಳಿಸಿ, ಬೇಕಾದ ಚಳಿಗೆ ತಕ್ಕಂತೆ ಅದನ್ನು ಹದಗೊಳಿಸಬಹುದು. 2019ರಲ್ಲಿ ಲಡಾಖಿಗೆಂದು ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಡೀಸೆಲ್ ಹೊರಬಂತು. ಬೀಜದ ಎಣ್ಣೆಗೆ ಆ ಸ್ವಾತಂತ್ರ್ಯ ಕಡಿಮೆ. ಮರ ಕೊಟ್ಟ ಸರಪಳಿಗಳೇ ಅದರ ಹಣೆಬರಹ.

ಒಂದು ನಿದರ್ಶನ ಊಹಿಸೋಣ. ಜನವರಿ ತಿಂಗಳು, ನಾಗಮಂಗಲದ ಬಯಲು, ಬೆಳಗಿನ ಜಾವ 13 ಡಿಗ್ರಿ. ರೈತನೊಬ್ಬ ತಾಳೆ ಎಣ್ಣೆಯಿಂದಾದ ಅಪ್ಪಟ ಜೈವಿಕ ಡೀಸೆಲನ್ನು ಅಗ್ಗವೆಂದು ತಂದು ತುಂಬಿದ್ದಾನೆ. ಸುಮಾರು 15 ಡಿಗ್ರಿಗೇ ಮಸುಕಾಗುವಂಥದು ಅದು. ಟ್ರಾಕ್ಟರ್ ಮೊದಲು ಹತ್ತಿಕೊಳ್ಳುತ್ತದೆ, ಏಕೆಂದರೆ ಪಂಪಿನಲ್ಲೂ ಕೊಳವೆಯಲ್ಲೂ ಹಿಂದಿನ ದಿನದ ಇಂಧನವಿದೆ. ನಾಲ್ಕಾರು ನಿಮಿಷ ಓಡಿ, ಉಸಿರು ಕಟ್ಟಿದಂತೆ ಶಕ್ತಿ ಕುಂದಿ, ನಿಲ್ಲುತ್ತದೆ. ಫಿಲ್ಟರಿನ ಬಟ್ಟಲು ಬಿಚ್ಚಿದರೆ ತೆಳು ಮಜ್ಜಿಗೆಯಂಥ ಬಿಳಿ ಮಸುಕು. ಒಂಬತ್ತು ಗಂಟೆಗೆ ಬಿಸಿಲೇರಿದ ಮೇಲೆ, ಯಾವ ರಿಪೇರಿಯೂ ಇಲ್ಲದೆ ಅದೇ ಟ್ರಾಕ್ಟರ್ ಹೊರಡುತ್ತದೆ. ರೋಗನಿರ್ಣಯ ಇಲ್ಲಿದೆ: ಬಿಸಿಲಿಗೆ ವಾಸಿಯಾದದ್ದು ಮೇಣ, ಬಿಸಿಲೇರಿದರೂ ವಾಸಿಯಾಗದ್ದು ಕಸ ಅಥವಾ ಮಡ್ಡಿ. ಚಳಿಯೇ ಇಲ್ಲದ ದಿನ ಫಿಲ್ಟರ್ ಕಟ್ಟಿದರೆ ಎಸ್ಟರಿನ ತಯಾರಿಕೆ ಅರ್ಧಕ್ಕೇ ನಿಂತು, ನೊಗ ಪೂರ್ತಿ ಕಳಚದ ಅಣುಗಳು ಉಳಿದಿವೆಯೋ ಎಂದೂ ಸಂಶಯಪಡಬೇಕು. ಅದೇ ಇಂಧನ ನೂರಕ್ಕೆ ಇಪ್ಪತ್ತರಂತೆ ಒಳ್ಳೆಯ ಡೀಸೆಲಿನಲ್ಲಿ ಕರಗಿದ್ದರೆ, ಹರಳಾಗುವ ಸರಪಳಿಗಳು ವಿರಳವಾಗಿ ಹಂಚಿಹೋಗಿ, ಮಂಡ್ಯದ ಚಳಿ ಅದನ್ನು ತಡೆಯುತ್ತಿರಲಿಲ್ಲ.

ಬೆರೆಸುವಾಗಲೂ ಈ ಗುಣ ನೆನಪಿರಬೇಕು. ಎಸ್ಟರು ಡೀಸೆಲಿಗಿಂತ ಭಾರ. ತಣ್ಣಗಿನ ಟ್ಯಾಂಕಿಗೆ ಸುಮ್ಮನೆ ಸುರಿದರೆ ತಳದಲ್ಲಿ ನಿಂತುಬಿಡುತ್ತದೆ. ಕಾವಿದ್ದಾಗ ಸುರಿದು ಚೆನ್ನಾಗಿ ಕದಡಬೇಕು. ಮಾನಕವೂ ಋತುವನ್ನು ಗುರುತಿಸಿದೆ. ಇಂಧನ ಫಿಲ್ಟರನ್ನು ಕಟ್ಟತೊಡಗುವ ಉಷ್ಣತೆ ಬೇಸಗೆಯಲ್ಲಿ 18, ಚಳಿಗಾಲದಲ್ಲಿ 6 ಡಿಗ್ರಿಯನ್ನು ಮೀರಬಾರದು.

ಹಾಗಾದರೆ ಸೊಟ್ಟ ಸರಪಳಿಗಳೇ ತುಂಬಿದ ಎಣ್ಣೆಯನ್ನು ಆರಿಸಿಕೊಂಡರಾಯಿತಲ್ಲ ಎನ್ನಬಹುದು. ಸರಪಳಿ ಸೊಟ್ಟಗಾಗುವ ಆ ಸಂದಿಯನ್ನೇ ಗಾಳಿಯ ಆಮ್ಲಜನಕ ಹುಡುಕಿ ಕಚ್ಚುತ್ತದೆ. ಇಂಧನ ಹುಳಿಯುತ್ತದೆ, ಅಂಟಾಗುತ್ತದೆ. ಚಳಿಗೆ ಅಂಜದ ಎಣ್ಣೆ ಗಾಳಿಗೆ ಅಂಜುತ್ತದೆ. ಆದ್ದರಿಂದ ಜೈವಿಕ ಡೀಸೆಲನ್ನು ತಿಂಗಳುಗಟ್ಟಲೆ ಕೂಡಿಡದೆ, ನೀರು ಸೋಕದಂತೆ ಮುಚ್ಚಿಟ್ಟು ಬೇಗ ಬಳಸುವುದೇ ರೂಢಿ.

ಕೊನೆಗೆ ಮೂಲದ ಲೆಕ್ಕ. ಒಂದು ಹೊಂಗೆಮರ ವರ್ಷಕ್ಕೆ ಇಪ್ಪತ್ತು ಕಿಲೋ ಬೀಜ ಕೊಟ್ಟಿತೆನ್ನೋಣ. ಗಾಣದಲ್ಲಿ ನೂರಕ್ಕೆ ಇಪ್ಪತ್ತೈದರಂತೆ ಐದು ಕಿಲೋ ಎಣ್ಣೆ, ಅಂದರೆ ಸುಮಾರು ಐದೂವರೆ ಲೀಟರ್ ಇಂಧನ. ಭಾರದ ಉಳುಮೆಯಲ್ಲಿ ಟ್ರಾಕ್ಟರೊಂದು ಅದನ್ನು ಗಂಟೆಯೊಂದು ಗಂಟೆಕಾಲಿನಲ್ಲಿ ಕುಡಿದು ಮುಗಿಸುತ್ತದೆ. ಒಂದು ಮರದ ಒಂದು ವರ್ಷ, ಒಂದು ನೇಗಿಲಿನ ಒಂದು ಗಂಟೆ! ಕರ್ನಾಟಕ 2009ರಲ್ಲಿ ಜೈವಿಕ ಇಂಧನ ನೀತಿಯನ್ನು ತಂದಿತು. ಪಕ್ಕದ ಹಾಸನದ ಮಡೇನೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯ ಜೈವಿಕ ಇಂಧನ ಉದ್ಯಾನವನ್ನು ನಡೆಸಿತು. ಬದುಗಳಲ್ಲಿ ಹೊಂಗೆ ನೆಡುವ ಯೋಜನೆಗೆ ‘ಹಸಿರು ಹೊನ್ನು’ ಎಂದು ಹೆಸರಾಯಿತು. ಕೇಂದ್ರದ 2018ರ ನೀತಿ 2030ಕ್ಕೆ ಇಟ್ಟುಕೊಂಡ ಗುರಿ ನೂರಕ್ಕೆ ಐದು ಮಾತ್ರ. ಎಂಜಿನ್ ಏಳನ್ನು ನಿರಾಯಾಸವಾಗಿ ತಾಳಬಲ್ಲದು. ಮರ ಐದನ್ನು ಕೊಡಲು ಏದುಸಿರು ಬಿಡುತ್ತಿದೆ. ಬೆರಕೆಯ ನಿಜವಾದ ಮಿತಿ ಇರುವುದು ಎಂಜಿನ್ನಿನಲ್ಲಲ್ಲ, ನಾಗಮಂಗಲದ ಬದುವಿನಲ್ಲಿ. ಅಲ್ಲಿ ಉದುರಿದ ಬೀಜವನ್ನು ಮಳೆಗೆ ಮುಂಚೆ ಆರಿಸಿ ಒಣಗಿಸುವವರ ಕೈಯಲ್ಲಿ.