ತಾಯಿಯ ಮಾತ್ರೆ, ಮಗುವಿನ ಥೈರಾಯ್ಡ್

ಥೈರಾಯ್ಡ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಥೈರಾಕ್ಸಿನ್ ಮಾತ್ರೆ. ಅದು ಗ್ರಂಥಿ ಮಂದವಾದವರಿಗೆ. ಇದಕ್ಕೆ ತದ್ವಿರುದ್ಧವಾದ ಕಾಯಿಲೆಯೂ ಇದೆ. ಗ್ರಂಥಿ ಬೇಕಾದ್ದಕ್ಕಿಂತ ಹೆಚ್ಚು ಹಾರ್ಮೋನು ಸುರಿಸುತ್ತದೆ. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಹೊಟ್ಟೆ ತುಂಬ ಉಂಡರೂ ತೂಕ ಇಳಿಯುತ್ತದೆ. ಹೆರುವ ವಯಸ್ಸಿನ ಹೆಂಗಸರಲ್ಲಿ ಇದಕ್ಕೆ ಮುಖ್ಯ ಕಾರಣ ಗ್ರೇವ್ಸ್ ಕಾಯಿಲೆ. ಇದರಲ್ಲಿ ದೇಹವೇ ಹುಟ್ಟುಹಾಕಿದ ಆಂಟಿಬಾಡಿಗಳು ಗ್ರಂಥಿಯನ್ನು ಬಿಡುವಿಲ್ಲದೆ ಕೆರಳಿಸುತ್ತವೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 28 ವರ್ಷದ ಒಬ್ಬಾಕೆ ಗ್ರೇವ್ಸ್ ಕಾಯಿಲೆಗೆ ದಿನಕ್ಕೆ 15 ಮಿಲಿಗ್ರಾಂ ಕಾರ್ಬಿಮಝೋಲ್ ನುಂಗುತ್ತಿದ್ದಾರೆ. ಮುಟ್ಟು ಒಂದು ವಾರ ತಡವಾಗಿದೆ, ಮನೆಯಲ್ಲೇ ಮಾಡಿದ ಪರೀಕ್ಷೆಯಲ್ಲಿ ಎರಡು ಗೆರೆ ಮೂಡಿದೆ. ವೈದ್ಯರ ಲೆಕ್ಕದಲ್ಲಿ ಅವರಿಗೆ ಆಗಲೇ ಐದು ವಾರ. ಮುಂದಿನ ತಿಂಗಳು ಹೇಗೂ ತಪಾಸಣೆ ಇದೆಯಲ್ಲ, ಆಗ ಹೇಳಿದರಾಯಿತು ಎಂದು ಸುಮ್ಮನಿದ್ದರೆ ಒಂಬತ್ತನೇ ವಾರ ಬಂದಿರುತ್ತದೆ. ಕಾರ್ಬಿಮಝೋಲ್ ಭ್ರೂಣಕ್ಕೆ ತೊಂದರೆ ಮಾಡುವ ಅವಧಿ ಸರಿಸುಮಾರು ಆರರಿಂದ ಹತ್ತನೇ ವಾರ. ನೆತ್ತಿಯ ಮೇಲೆ ಒಂದಿಷ್ಟು ಜಾಗದಲ್ಲಿ ಚರ್ಮವೇ ಇಲ್ಲದಿರುವುದು, ಮೂಗಿನ ಹಿಂಬದಿ ಮುಚ್ಚಿಕೊಂಡಿರುವುದು, ಅನ್ನನಾಳ ತುಂಡಾಗಿರುವುದು – ಇಂಥ ದೋಷಗಳು ಆಗಲೇ ರೂಪುಗೊಳ್ಳುತ್ತವೆ. ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ ಎನ್ನುವುದು ನಿಜ. ಆದರೂ ಗೆರೆ ಕಂಡ ದಿನವೇ ವೈದ್ಯರಿಗೆ ಫೋನ್ ಮಾಡಬೇಕು.

ಹಾಗೆಂದು ಹೆದರಿ ತಾವಾಗಿಯೇ ಮಾತ್ರೆ ಬಿಡುವಂತಿಲ್ಲ. ಹತೋಟಿ ತಪ್ಪಿದ ಕಾಯಿಲೆಯಿಂದ ಗರ್ಭಪಾತ, ಅವಧಿಗೆ ಮುನ್ನ ಹೆರಿಗೆ, ಏರಿದ ರಕ್ತದೊತ್ತಡ, ತಾಯಿಯ ಹೃದಯಕ್ಕೆ ಆಯಾಸ ಎಲ್ಲವೂ ಆಗಬಹುದು. ತೀರಾ ಕಡಿಮೆ ಪ್ರಮಾಣದಲ್ಲಿ ಔಷಧ ನಡೆಯುತ್ತಿದ್ದು ಕಾಯಿಲೆ ತಣ್ಣಗಿದ್ದರೆ ವೈದ್ಯರೇ ಅದನ್ನು ನಿಲ್ಲಿಸಿ, ಒಂದೆರಡು ವಾರಕ್ಕೊಮ್ಮೆ ರಕ್ತ ಪರೀಕ್ಷಿಸುತ್ತ ಕಾಯುವುದುಂಟು. ನಮ್ಮ ಉದಾಹರಣೆಯ ಹೆಣ್ಣುಮಗಳಿಗೆ ಆಂಟಿಬಾಡಿ ಹೆಚ್ಚಿದೆ, ಗಂಟಲ ಗಂಟೂ ದೊಡ್ಡದಿದೆ. ಹಾಗಾಗಿ ಪ್ರೊಪೈಲ್‌ಥಯೋಯುರಾಸಿಲ್‌ಗೆ ಬದಲಾಯಿಸುತ್ತಾರೆ. ವೈದ್ಯರು ಚುಟುಕಾಗಿ ಪಿಟಿಯು ಎನ್ನುತ್ತಾರೆ. ಅವರು ನುಂಗುತ್ತಿದ್ದ 15 ಮಿಲಿಗ್ರಾಂಗೆ ಇದು ಹತ್ತಿರಹತ್ತಿರ 200 ಮಿಲಿಗ್ರಾಂ ಬೇಕು, ಅದನ್ನೂ ದಿನದಲ್ಲಿ ಎರಡು ಮೂರು ಸಲ ಹಂಚಿ ನುಂಗಬೇಕು.

ಪಿಟಿಯುನಿಂದ ಹುಟ್ಟುದೋಷವೇ ಇಲ್ಲವೆಂದಲ್ಲ. ಇದ್ದರೂ ಸಾಮಾನ್ಯವಾಗಿ ಅಷ್ಟು ತೀವ್ರವಲ್ಲ. ಹಾಗಿದ್ದರೆ ಒಂಬತ್ತು ತಿಂಗಳೂ ಇದನ್ನೇ ಏಕೆ ಕೊಡಬಾರದು? ಇದು ಅಪರೂಪಕ್ಕೆ ಯಕೃತ್ತನ್ನು ಕೆಡಿಸುತ್ತದೆ, ಕೆಲವೊಮ್ಮೆ ಜೀವ ತೆಗೆಯುವಷ್ಟು. 2010ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದರ ಮೇಲೆ ತನ್ನ ಅತಿ ಗಂಭೀರ ಎಚ್ಚರಿಕೆಯನ್ನು ಹಾಕಿತು. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಗಾದರೆ, ಮೈಯೆಲ್ಲ ತುರಿಸಿದರೆ ತಡಮಾಡುವಂತಿಲ್ಲ. ಜ್ವರದ ಜೊತೆ ಗಂಟಲು ನೋವು ಬಂದರೆ, ಎರಡರಲ್ಲಿ ಯಾವ ಔಷಧವಾದರೂ ಸರಿ, ಅಂದೇ ಬಿಳಿರಕ್ತಕಣ ಎಣಿಸಬೇಕು. 16ನೇ ವಾರ ದಾಟಿದ ಮೇಲೆ ಹಳೆಯ ಮಾತ್ರೆಗೆ ಮರಳಬೇಕೇ ಎಂಬುದಕ್ಕೆ ಅಮೆರಿಕದ ಥೈರಾಯ್ಡ್ ಸಂಘದ 2017ರ ಮಾರ್ಗಸೂಚಿ ಎರಡೂ ದಾರಿಗಳನ್ನು ತೆರೆದಿಟ್ಟಿದೆ. ಪ್ರತಿ ಬದಲಾವಣೆಯಲ್ಲೂ ಕೆಲವು ವಾರ ಹತೋಟಿ ಸಡಿಲವಾಗಬಹುದು. ಸಣ್ಣ ಪ್ರಮಾಣದ ಪಿಟಿಯುನಲ್ಲೇ ಎಲ್ಲ ನೆಟ್ಟಗಿದ್ದರೆ ಅವಸರಿಸುವುದರಲ್ಲಿ ಅರ್ಥವಿಲ್ಲ ಎಂದು ನನಗನ್ನಿಸುತ್ತದೆ.

ಇಷ್ಟರಲ್ಲಿ ಮಗುವಿನ ಥೈರಾಯ್ಡ್ ಕೆಲಸ ಶುರುಮಾಡಿರುತ್ತದೆ. ಸುಮಾರು ಹನ್ನೆರಡನೇ ವಾರಕ್ಕೆ ಅಯೋಡಿನ್ ಹೀರತೊಡಗಿ, ಇಪ್ಪತ್ತರ ಹೊತ್ತಿಗೆ ಸಾಕಷ್ಟು ಹಾರ್ಮೋನು ತಯಾರಿಸುತ್ತದೆ. ಇದರ ಮೇಲೆ ಎರಡು ಕಡೆಯಿಂದ ಒತ್ತಡ. ತಾಯಿಯ ಆಂಟಿಬಾಡಿಗಳು ಮಾಸುಚೀಲ ದಾಟಿ ಬಂದು ಕೆರಳಿಸುತ್ತವೆ. ತಾಯಿಯ ಮಾತ್ರೆಯೂ ದಾಟಿ ಬಂದು ತಗ್ಗಿಸುತ್ತದೆ. ಎರಡೂ ಔಷಧಗಳು ದಾಟುತ್ತವೆ. ಅದೂ ತಾಯಿಗಿಂತ ಮಗುವಿನ ಗ್ರಂಥಿಯನ್ನೇ ಹೆಚ್ಚು ಅದುಮುತ್ತವೆ. ಆದ್ದರಿಂದ ತಾಯಿಯ ರಿಪೋರ್ಟ್ ಪೂರ್ತಿ ನಾರ್ಮಲ್ ಆಗಬೇಕೆಂಬ ಹಟ ಇಲ್ಲಿ ಸಲ್ಲದು. ಎಫ್‌ಟಿ4 ಅಂಶ ಮೇಲಿನ ಮಿತಿಯಲ್ಲಿ ಅಥವಾ ಅದಕ್ಕಿಂತ ತುಸು ಮೇಲಿರುವಂತೆ, ಸಾಧ್ಯವಾದಷ್ಟು ಕಡಿಮೆ ಔಷಧ ಕೊಟ್ಟು, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಪರೀಕ್ಷಿಸುತ್ತಾರೆ. ಟಿಎಸ್‌ಎಚ್ ಕೆಳಗೇ ಇದೆಯಲ್ಲ ಎಂದು ಮನೆಯವರು ಗಾಬರಿಯಾಗುವುದುಂಟು. ಅದು ಬೇಕೆಂದೇ ಹಾಗೆ ಬಿಟ್ಟದ್ದು.

ಆಂಟಿಬಾಡಿ ಮೇಲಿನ ಮಿತಿಯ ಮೂರು ಪಟ್ಟು ದಾಟಿದ್ದರೆ ಸ್ಕ್ಯಾನ್‌ನಲ್ಲಿ ಮಗುವಿನ ಕುತ್ತಿಗೆಯನ್ನೂ ನೋಡಬೇಕು. ಅಲ್ಲಿ ಗಂಟು ಕಂಡರೆ ಒಗಟು ಶುರು. ಗ್ರಂಥಿ ಕೆರಳಿದರೂ ಊದುತ್ತದೆ, ಔಷಧದಿಂದ ಮಂಕಾದರೂ ಊದುತ್ತದೆ. ಎದೆಬಡಿತ ನಿಮಿಷಕ್ಕೆ 170ಕ್ಕಿಂತ ಮೇಲೇ ನಿಂತಿದ್ದು, ಮೂಳೆ ವಯಸ್ಸಿಗೆ ಮೀರಿ ಬಲಿತಿದ್ದರೆ ಕೆರಳಿದೆ ಎಂದು ತಿಳಿದು ತಾಯಿಯ ಔಷಧ ಹೆಚ್ಚಿಸುತ್ತಾರೆ. ಮೂಳೆಯ ಬೆಳವಣಿಗೆ ಹಿಂದೆ ಬಿದ್ದಿದ್ದು, ತಾಯಿಗೆ ಹೆಚ್ಚು ಔಷಧ ಹೋಗಿದ್ದರೆ ಇಳಿಸುತ್ತಾರೆ, ಇಲ್ಲವೇ ನಿಲ್ಲಿಸುತ್ತಾರೆ.

ಹಿಂದೆ ಆಪರೇಷನ್ ಮಾಡಿಸಿಕೊಂಡವರು ಅಥವಾ ರೇಡಿಯೋ ಅಯೋಡಿನ್ ಪಡೆದವರು ತಮಗೆ ಇದು ಸಂಬಂಧಿಸಿದ್ದಲ್ಲ ಎಂದುಕೊಳ್ಳುತ್ತಾರೆ. ಗ್ರಂಥಿ ಹೋದರೂ ಆಂಟಿಬಾಡಿ ಉಳಿದಿರಬಹುದು; ಅವರೂ ಅದನ್ನು ಪರೀಕ್ಷಿಸಿಕೊಳ್ಳಬೇಕು.

ಹೆರಿಗೆಯ ನಂತರವೂ ಒಂದು ಅಪಾಯ ಉಳಿದಿರುತ್ತದೆ. ಮಗುವಿನ ಮೈಯಿಂದ ತಾಯಿಯ ಔಷಧ ಕೆಲವೇ ದಿನಗಳಲ್ಲಿ ಇಳಿದುಹೋಗುತ್ತದೆ, ಆಂಟಿಬಾಡಿ ಮಾತ್ರ ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ಮೊದಲ ದಿನ ಸರಿಯಿದ್ದ ಮಗು ಮನೆಗೆ ಬಂದ ಮೇಲೆ, ಒಂದು ವಾರ ಹತ್ತು ದಿನದ ಹೊತ್ತಿಗೆ, ಚೆನ್ನಾಗಿ ಹಾಲು ಕುಡಿದರೂ ತೂಕ ಏರದೆ ಸದಾ ಕಿರಿಕಿರಿ ಮಾಡಬಹುದು. ಆಂಟಿಬಾಡಿ ಹೆಚ್ಚಿದ್ದ ತಾಯಂದಿರ ಮಕ್ಕಳ ರಕ್ತವನ್ನು ಮೊದಲ ವಾರದಲ್ಲೂ ಎರಡನೇ ವಾರದಲ್ಲೂ ಮತ್ತೆ ಪರೀಕ್ಷಿಸುವುದು ಇದಕ್ಕಾಗಿಯೇ.