ಒಂದು ‘ಸ’, ಮೂರು ದಾರಿ

ಆಡಿದ್ದನ್ನು ಆಡಿದಂತೆಯೇ ಬರೆಯಬಲ್ಲ ಲಿಪಿ ಎಂಬ ಹೆಮ್ಮೆ ಕನ್ನಡಿಗರಿಗೆ ಇದೆ. ಮಗುವಿನ ಮಾತು ಸರಿಯಾಗಿದ್ದಷ್ಟು ದಿನ ಆ ಹೆಮ್ಮೆಗೆ ಕುಂದಿಲ್ಲ. ಮಾತು ತಪ್ಪಿದಾಗಲೇ ಕಷ್ಟ. ಆರು ವರ್ಷದ ಮಗುವನ್ನು ವಾಕ್ ಚಿಕಿತ್ಸಕರ ಮುಂದೆ ಕೂರಿಸಿ ತಾಯಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: “ಇವನಿಗೆ ‘ಸ’ ಬರಲ್ಲ ಮೇಡಂ.” ‘ಸ’ದ ಬದಲಿಗೆ ಏನು ಬರುತ್ತದೆ ಎಂದು ಬರೆದು ತೋರಿಸಿ ಎಂದರೆ ಐವತ್ತು ಅಕ್ಷರಗಳ ವರ್ಣಮಾಲೆಯನ್ನೆಲ್ಲ ತಡಕಾಡಿದರೂ ಆ ಸದ್ದಿಗೆ ಅಕ್ಷರ ಸಿಗುವುದಿಲ್ಲ.

ಮೂವರು ಮಕ್ಕಳನ್ನು ಊಹಿಸಿಕೊಳ್ಳಿ. ಮೂವರಿಗೂ ‘ಬಸ್ಸು’ ಎನ್ನಲು ಹೇಳಿದೆ. ಮೂವರ ‘ಸ’ವೂ ಕೆಟ್ಟಿದೆ, ಆದರೆ ಕೆಟ್ಟ ಬಗೆ ಬೇರೆ ಬೇರೆ. ಮೊದಲನೆಯವಳ ನಾಲಿಗೆಯ ತುದಿ ಎರಡು ಸಾಲು ಹಲ್ಲುಗಳ ನಡುವೆ ಹೊರಗೆ ಇಣುಕುತ್ತದೆ. ಎರಡನೆಯವನ ಉಸಿರು ನಾಲಿಗೆಯ ನಡುವಿನಿಂದ ಬರದೆ ಕೆನ್ನೆಯ ಕಡೆಯಿಂದ ಹೊರಬಿದ್ದು, ಎಂಜಲಲ್ಲಿ ನೆನೆದ ಗುಳುಗುಳು ಸದ್ದಾಗುತ್ತದೆ. ಮೂರನೆಯವಳ ‘ಸ’ ಬಾಯಿಂದ ಬರುವುದೇ ಇಲ್ಲ, ಮೂಗಿನಿಂದ ಬುಸ್ಸೆನ್ನುತ್ತದೆ. ದಾಖಲೆಯಲ್ಲಿ ಮೂವರಿಗೂ ‘ಸ ದೋಷ’ ಎಂದಷ್ಟೇ ಬರೆದರೆ, ಮುಂದೆ ಅದನ್ನು ಓದುವ ಚಿಕಿತ್ಸಕರಿಗೆ ಏನೂ ತಿಳಿಯುವುದಿಲ್ಲ. ಈ ಮೂರು ತಪ್ಪುಗಳಿಗೂ ಬೇರೆ ಬೇರೆ ಚಿಕಿತ್ಸೆ ಬೇಕು.

ಜಗತ್ತಿನ ಭಾಷೆಗಳ ಧ್ವನಿಗಳನ್ನು ಬರೆಯಲು ಐಪಿಎ ಎಂಬ ಅಂತರರಾಷ್ಟ್ರೀಯ ಧ್ವನಿಲಿಪಿ ಇದೆ. 1886ರಲ್ಲಿ ಪ್ಯಾರಿಸ್‌ನಲ್ಲಿ ಭಾಷಾ ಶಿಕ್ಷಕರು ಕಟ್ಟಿದ ಸಂಘದಿಂದ ಬಂದದ್ದು ಅದು. ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ಬೇರ್ಪಡಿಸಲು ಬಳಕೆಯಾಗುವ ಧ್ವನಿಗಳಿಗೆ ಅದರಲ್ಲಿ ಚಿಹ್ನೆ ಉಂಟು. ಆದರೆ ಮೂಗಿನಿಂದ ಬುಸ್ಸೆನ್ನುವ ‘ಸ’ವನ್ನು ಯಾವ ಭಾಷೆಯೂ ತನ್ನ ಧ್ವನಿಯಾಗಿ ಇಟ್ಟುಕೊಂಡಿಲ್ಲ. ಹೀಗಾಗಿ ಆಸ್ಪತ್ರೆಗಳಲ್ಲಿ ದುಡಿಯುವವರು ತಮತಮಗೆ ತೋಚಿದ ಗುರುತುಗಳನ್ನು ಹಾಕಿಕೊಳ್ಳುತ್ತಿದ್ದರು. ಒಬ್ಬರ ಗುರುತು ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ. 1983ರಲ್ಲಿ ಲಂಡನ್‌ನಲ್ಲಿ ಇಂಥ ಗುರುತುಗಳ ಒಂದು ಪಟ್ಟಿ ಹೊರಬಂತು. 1989ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಐಪಿಎ ಪರಿಷ್ಕರಣೆಗೆಂದು ಸಮಾವೇಶ ಸೇರಿದಾಗ, ದೋಷಪೂರ್ಣ ಮಾತಿನ ಬರವಣಿಗೆಗಾಗಿಯೇ ಒಂದು ಗುಂಪು ಕೂತಿತು. ಅಲ್ಲಿ ಹುಟ್ಟಿದ್ದೇ ವಿಸ್ತರಿತ ಐಪಿಎ. 1990ರಲ್ಲಿ ಅದು ಪ್ರಕಟವಾಯಿತು; ಆಮೇಲೆ ಹಲವು ಸಲ ಪರಿಷ್ಕಾರವಾಗಿದೆ.

ಈ ಚಿಹ್ನೆಗಳಲ್ಲಿ ಕೆಲವು ನೋಡುವುದಕ್ಕೇ ಚೆನ್ನ. ಮೊದಲ ಮಗುವಿನ ‘ಸ’ಕ್ಕೆ s̪͆ ಎಂದು ಬರೆಯುತ್ತಾರೆ: ಅಕ್ಷರದ ಮೇಲೊಂದು, ಕೆಳಗೊಂದು ಸಣ್ಣ ಸೇತುವೆ. ಅವು ಮೇಲಿನ ಹಲ್ಲು, ಕೆಳಗಿನ ಹಲ್ಲು. ನಡುವೆ ಸಿಕ್ಕಿಕೊಂಡದ್ದು ನಾಲಿಗೆ. ಹಾಲುಹಲ್ಲು ಬಿದ್ದ ವಯಸ್ಸಿನಲ್ಲಿ ಈ ತಪ್ಪು ತೀರ ಸಾಮಾನ್ಯ, ಎಷ್ಟೋ ಸಲ ತಾನಾಗಿಯೇ ಹೋಗುತ್ತದೆ. ಎರಡನೆಯ ಮಗುವಿನದು ಹಾಗಲ್ಲ. ಅವನ ಬಾಯಿಯ ಮುಂದೆ ಒಂದು ಸ್ಟ್ರಾ ಹಿಡಿದು ‘ಸ್’ ಎನ್ನಿಸುತ್ತಾರೆ. ಮುಂದಿನ ಹಲ್ಲುಗಳ ಎದುರಿಗೆ ಹಿಡಿದರೆ ಸ್ಟ್ರಾ ಸುಮ್ಮನಿರುತ್ತದೆ, ತುಟಿಯ ಅಂಚಿಗೆ ಸರಿಸಿದ ಕೂಡಲೇ ಅದರಲ್ಲಿ ಗಾಳಿ ಸುಯ್ಯೆನ್ನುತ್ತದೆ. ಗಾಳಿಯೆಲ್ಲ ಪಕ್ಕದಿಂದಲೇ ಹೋಗುತ್ತಿದ್ದರೆ ಐಪಿಎಯಲ್ಲೇ ಇರುವ ɬ ಸಾಕು. ವೇಲ್ಸ್ ಜನರ ಭಾಷೆಯಲ್ಲಿ ಆ ಧ್ವನಿ ದಿನಬಳಕೆಯದು. ನಡುವಿನಿಂದಲೂ ಪಕ್ಕದಿಂದಲೂ ಒಟ್ಟಿಗೇ ಹೋಗುತ್ತಿದ್ದರೆ ವಿಸ್ತರಿತ ಪಟ್ಟಿಯ ʪ ಬೇಕು. l ಮತ್ತು s ಒಂದನ್ನೊಂದು ಅಂಟಿಕೊಂಡ ಆಕೃತಿ ಅದು.

ಹೆಚ್ಚು ಹೊತ್ತು ಕೂತು ನೋಡಬೇಕಾದದ್ದು ಮೂರನೆಯ ಮಗುವನ್ನು. ಮೂಗಿನಿಂದ ಬರುವ ‘ಸ’ಕ್ಕೆ ಎರಡು ಕಾರಣಗಳಿರಬಹುದು. ಬಾಯಿಗೂ ಮೂಗಿಗೂ ನಡುವೆ ಕದದಂತೆ ಕೆಲಸ ಮಾಡುವುದು ಕಿರುನಾಲಿಗೆಯ ಮುಂದಿರುವ ಮೃದು ಅಂಗುಳ. ಸೀಳು ಅಂಗುಳದೊಂದಿಗೆ ಹುಟ್ಟಿದ ಮಕ್ಕಳಲ್ಲಿ, ಶಸ್ತ್ರಚಿಕಿತ್ಸೆ ಆದಮೇಲೂ ಕೆಲವೊಮ್ಮೆ ಆ ಕದ ಪೂರ್ತಿ ಮುಚ್ಚುವುದಿಲ್ಲ. ಆಗ ನಾಲಿಗೆ ಸರಿಯಾದ ಜಾಗದಲ್ಲೇ ಇದ್ದರೂ ಗಾಳಿ ಮೂಗಿಗೆ ಸೋರಿಹೋಗುತ್ತದೆ. ಎರಡನೆಯ ಕಾರಣವೇ ಬೇರೆ. ಕದಕ್ಕೆ ಏನೂ ಆಗಿಲ್ಲ. ಆದರೆ ಮಾತು ಕಲಿಯುವಾಗ ಮಗು ‘ಸ’ ಅಂದರೆ ಮೂಗಿನಿಂದ ಬಿಡುವುದು ಎಂದೇ ಕಲಿತುಬಿಟ್ಟಿದೆ. ‘ನ’ ಹೇಳುವಾಗಿನಂತೆ ನಾಲಿಗೆಯಿಂದ ಬಾಯಿಯ ದಾರಿಯನ್ನು ಕಟ್ಟಿ, ಉಸಿರನ್ನೆಲ್ಲ ಮೂಗಿನಿಂದ ನೂಕುತ್ತದೆ. ಕಿವಿಗೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ.

ಮೂಗಿನ ಕೆಳಗೆ ತಣ್ಣನೆಯ ಪುಟ್ಟ ಕನ್ನಡಿ ಹಿಡಿದರೆ ಗಾಳಿ ಮೂಗಿನಿಂದ ಬರುತ್ತಿರುವುದು ಮಂಜಿನ ಕಲೆಯಾಗಿ ಕಾಣುತ್ತದೆ. ಆಗ ಆಡಿಸುವ ಪದದಲ್ಲಿ ‘ನ’, ‘ಮ’ ಇರಬಾರದು, ಏಕೆಂದರೆ ಅವುಗಳಿಗೆ ಎಲ್ಲರ ಮೂಗಿನಿಂದಲೂ ಗಾಳಿ ಬಂದೇ ಬರುತ್ತದೆ. ‘ಬಸ್ಸು’, ‘ಕಾಸು’ ಆಗಬಹುದು, ‘ಮೀಸೆ’ ಆಗದು. ಆದರೆ ಕನ್ನಡಿಯಲ್ಲಿ ಕಲೆ ಎರಡು ಬಗೆಯ ಮಕ್ಕಳಿಗೂ ಬೀಳುತ್ತದೆ. ಎರಡನ್ನೂ ಬೇರ್ಪಡಿಸಲು ಚಿಕಿತ್ಸಕರು ಮಗುವಿನ ಮೂಗಿನ ಹೊಳ್ಳೆಗಳನ್ನು ಮೆಲ್ಲಗೆ ಒತ್ತಿ ಹಿಡಿದು ಮತ್ತೆ ‘ಬಸ್ಸು’ ಎನ್ನಿಸುತ್ತಾರೆ. ಕದ ಸೋರುವ ಮಗುವಾದರೆ ಮೂಗಿನ ದಾರಿ ಮುಚ್ಚಿದೊಡನೆ ಗಾಳಿ ಬಾಯಿಗೆ ತಿರುಗಿ ‘ಸ’ ಸ್ಪಷ್ಟವಾಗುತ್ತದೆ. ತಪ್ಪಾಗಿ ಕಲಿತ ಮಗುವಾದರೆ ಬಾಯಿಯೂ ಕಟ್ಟಿದೆ, ಮೂಗೂ ಕಟ್ಟಿದೆ. ‘ಬ’ ಆದಮೇಲೆ ಸದ್ದೇ ನಿಂತುಹೋಗಿ ಮಗು ಕಣ್ಣರಳಿಸಿ ನೋಡುತ್ತದೆ.

ಈ ವ್ಯತ್ಯಾಸವೇ ಬರವಣಿಗೆಯಲ್ಲಿ ಮೂಡಬೇಕು. ಸೋರುವ ‘ಸ’ಕ್ಕೆ s͋ ಎಂದು ಬರೆಯುತ್ತಾರೆ. ಕೆಳಗಿನ s ನಾಲಿಗೆ ಸರಿಯಾದ ಜಾಗದಲ್ಲಿದೆ ಎಂದು ಹೇಳುತ್ತದೆ. ಮೇಲಿನ ಗುರುತು ಒಂದು ಅಲೆಗೆರೆ, ಅದರ ಮೇಲೂ ಕೆಳಗೂ ಒಂದೊಂದು ಚುಕ್ಕೆ. ಮೂಗಿನಿಂದ ಕೇಳುವಂತೆ ಗಾಳಿ ಸೋರಿತು ಎಂದು ಅದರ ಅರ್ಥ. ಕಲಿತ ತಪ್ಪಿಗೆ n̥͋ ಎಂದು ಬರೆಯುತ್ತಾರೆ. ಇಲ್ಲಿ ಅಡಿಪಾಯವೇ ‘ನ’. ಕೆಳಗಿನ ಪುಟ್ಟ ಸೊನ್ನೆ ಗಂಟಲಿನ ನಾದವಿಲ್ಲ ಎನ್ನುತ್ತದೆ, ಮೇಲೆ ಅದೇ ಅಲೆಗೆರೆ. ಮೊದಲ ಮಗುವಿನ ‘ಬ’ದಲ್ಲೂ ಸೋರಿಕೆ ಇರುವುದರಿಂದ ಇಡೀ ಪದ [b͋ãs͋ːũ] ಆಗಬಹುದು. ಇನ್ನೊಂದು ಮಗುವಿನದು [ban̥͋ːu]: ‘ಬ’ಕ್ಕೆ ಏನೂ ಆಗಿಲ್ಲ, ಸ್ವರಗಳಿಗೂ ಏನೂ ಆಗಿಲ್ಲ, ಕೆಟ್ಟಿರುವುದು ‘ಸ’ ಒಂದೇ. ಮೊದಲ ಸಾಲನ್ನು ಓದಿದ ಶಸ್ತ್ರಚಿಕಿತ್ಸಕರು ಅಂಗುಳವನ್ನು ಕ್ಯಾಮೆರಾ ಕೊಳವೆಯಿಂದ ನೋಡಲು ಹೊರಡುತ್ತಾರೆ. ಮೂಗು ಹಿಡಿದು ನೋಡಿದ್ದೊಂದನ್ನೇ ನಂಬಿ ಕತ್ತರಿ ಎತ್ತುವುದಿಲ್ಲ. ಎರಡನೆಯ ಸಾಲಿನ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡಿ ಉಪಯೋಗವಿಲ್ಲ. ಅವಳು ಕಲಿತದ್ದನ್ನು ಬಿಟ್ಟು ಹೊಸದಾಗಿ ಕಲಿಯಬೇಕು.

ಧ್ವನಿ ‘ಬಿಟ್ಟುಹೋಗುವ’ ಮಾತಿನಲ್ಲೂ ಇಂಥದ್ದೇ ಮೋಸ ಇದೆ. ಮಗು ‘ಕಾಗೆ’ಯನ್ನು ‘ಆಎ’ ಎನ್ನುತ್ತದೆ, ವ್ಯಂಜನಗಳನ್ನೇ ನುಂಗುತ್ತದೆ ಎಂದು ಮನೆಯವರು ಹೇಳುತ್ತಾರೆ. ಕಿವಿಗೊಟ್ಟು ಕೇಳಿದರೆ ಎರಡು ಸ್ವರಗಳ ನಡುವೆ ಗಂಟಲಲ್ಲಿ ಒಂದು ಸಣ್ಣ ತಡೆ ಇರುತ್ತದೆ. ಭಾರ ಎತ್ತುವಾಗ ಉಸಿರನ್ನು ಗಂಟಲಲ್ಲೇ ಕಟ್ಟಿ ಬಿಡುತ್ತೇವಲ್ಲ, ಅಂಥ ತಡೆ. ಐಪಿಎಯಲ್ಲಿ ಅದು ʔ. ಮಗು ಹೇಳಿದ್ದು [ʔaːʔe]. ಕನ್ನಡದಲ್ಲಿ ಇದಕ್ಕೆ ಅಕ್ಷರವಿಲ್ಲದ್ದರಿಂದ ಕನ್ನಡದ ಕಿವಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ಮಗು ವ್ಯಂಜನವನ್ನು ಬಿಟ್ಟಿಲ್ಲ. ಬಾಯಲ್ಲಿ ಗಾಳಿಯ ಒತ್ತಡ ನಿಲ್ಲದೆ, ಗಾಳಿ ಸೋರದ ಒಂದೇ ಜಾಗವಾದ ಗಂಟಲಿಗೆ ಅದನ್ನು ಇಳಿಸಿಕೊಂಡಿದೆ. ಇನ್ನು ಕೆಲವು ಮಕ್ಕಳು ‘ಪ’ ಎನ್ನಲು ತುಟಿ ಮುಚ್ಚಿ ತೆರೆಯುತ್ತಾರೆ, ಸದ್ದು ಮಾತ್ರ ಇರುವುದಿಲ್ಲ. ಅದಕ್ಕೆ ವಿಸ್ತರಿತ ಪಟ್ಟಿಯಲ್ಲಿ ಆವರಣ ಇದೆ: (p). ಖಾಲಿ ಬಿಟ್ಟ ಜಾಗಕ್ಕೂ ಆವರಣದೊಳಗಿನ p ಗೂ ಅಜಗಜಾಂತರ. ಧ್ವನಿಮುದ್ರಣ ಒಂದನ್ನೇ ಕೇಳಿ ಬರೆಯುವವರಿಗೆ ಇದು ಎಂದೂ ಸಿಗುವುದಿಲ್ಲ. ಅದಕ್ಕೇ ಮುಖ ಕಾಣುವಂತೆ ವಿಡಿಯೊ ಮಾಡಿಕೊಳ್ಳುತ್ತಾರೆ.

ಕೇಳುವವರ ಭಾಷೆಯೂ ನಡುವೆ ಕೈಯಾಡಿಸುತ್ತದೆ. ಕನ್ನಡದ ‘ತ’ಕ್ಕೆ ನಾಲಿಗೆ ಹಲ್ಲನ್ನು ಮುಟ್ಟುತ್ತದೆ, ‘ಟ’ಕ್ಕೆ ತುದಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಇಂಗ್ಲಿಷಿನ t ಇವೆರಡರ ನಡುವೆ, ಒಸಡಿನ ದಿಣ್ಣೆಯ ಮೇಲೆ. ಕನ್ನಡದ ಕಿವಿ ಅದನ್ನು ‘ಟ’ ಎಂದೇ ಕೇಳುತ್ತದೆ. ‘ಟೇಬಲ್’, ‘ಟಿಕೆಟ್’ ಬಂದದ್ದೇ ಹಾಗೆ. ಒಂದು ಮಗು ‘ತಟ್ಟೆ’ಯ ಎರಡೂ ವ್ಯಂಜನಗಳನ್ನು ಒಸಡಿನ ಮೇಲೆ ಹೇಳಿದರೆ ಕೇಳಿದವರು ‘ಟಟ್ಟೆ’ ಎಂದು ಬರೆದುಕೊಂಡು, ‘ತ’ ಕೆಟ್ಟಿದೆ, ‘ಟ’ ಸರಿಯಿದೆ ಎಂದುಕೊಳ್ಳುತ್ತಾರೆ. ನಿಜದಲ್ಲಿ ಎರಡೂ ಸರಿಯಿಲ್ಲ. ಇದಕ್ಕೆಂದೇ ವಿಸ್ತರಿತ ಪಟ್ಟಿಯಲ್ಲಿ ಅಕ್ಷರದ ಕೆಳಗೆ ಸಮ ಚಿಹ್ನೆ ಇಡುವ ರೂಢಿ ಇದೆ: [t͇at͇ːe]. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಲಿಯುವವರಿಗೂ, ತಮ್ಮ ಕಿವಿಗೆ ಮನೆಭಾಷೆ ಹಾಕಿಕೊಟ್ಟ ಜಾಡಿನಿಂದ ಹೊರಬರುವುದೇ ಕಷ್ಟದ ಪಾಠ.

ಆದರೂ ತರಬೇತಾದ ಇಬ್ಬರು ಒಂದೇ ಮುದ್ರಣವನ್ನು ಕೇಳಿ ಬರೆದರೆ ಸಾಲುಗಳು ಪೂರ್ತಿ ಹೊಂದುವುದಿಲ್ಲ. ಗುರುತುಗಳು ಸೂಕ್ಷ್ಮವಾದಷ್ಟೂ ಹೊಂದಾಣಿಕೆ ಕಡಿಮೆ. ಕೆಲವನ್ನು ಯಾರ ಕಿವಿಯೂ ಹಿಡಿಯಲಾರದು: ಮಗುವಿನ ‘ಕ’, ‘ತ’ ಎರಡೂ ಕೇಳುವವರಿಗೆ ‘ತ’ ಎಂದೇ ಕೇಳುತ್ತಿರುತ್ತವೆ, ಆದರೆ 62 ಸಂವೇದಕಗಳಿರುವ ಕೃತಕ ಅಂಗುಳವನ್ನು ಬಾಯಿಗೆ ಕೂರಿಸಿ ನೋಡಿದರೆ ನಾಲಿಗೆ ಎರಡಕ್ಕೂ ಬೇರೆ ಬೇರೆಯಾಗಿ ತಾಗುತ್ತಿರುವುದು ಕಾಣಬಹುದು. ಮಗು ಭೇದವನ್ನು ಮಾಡುತ್ತಿದೆ, ಅದು ಹೊರಗೆ ಮುಟ್ಟುತ್ತಿಲ್ಲ. ಈ ಮಿತಿಯನ್ನು ಪಟ್ಟಿ ಮಾಡಿದವರು ಬಲ್ಲರು. ಆದ್ದರಿಂದಲೇ ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎಂದು ಬರೆಯುವ ಚಿಹ್ನೆಯನ್ನೂ ಇಟ್ಟಿದ್ದಾರೆ. ಖಾಲಿ ವೃತ್ತ ಎಂದರೆ ಏನೋ ಒಂದು ಧ್ವನಿ ಇತ್ತು. ವೃತ್ತದೊಳಗೆ C ಇದ್ದರೆ ವ್ಯಂಜನ ಎಂಬುದಷ್ಟೇ ಖಚಿತ. ವೃತ್ತದೊಳಗೆ s ಇದ್ದರೆ ಬಹುಶಃ ‘ಸ’. ಹೊರಗಿನ ಗದ್ದಲದಲ್ಲಿ ಮಾತು ಮುಳುಗಿದ್ದರೆ ಜೋಡಿ ಆವರಣ ಹಾಕಿ, ಎಷ್ಟು ಅಕ್ಷರ ಕಳೆದುಹೋಯಿತು ಎಂದು ಒಳಗೆ ಬರೆಯುತ್ತಾರೆ. ಊಹೆಯಿಂದ ಸಾಲು ತುಂಬಿಸುವುದಕ್ಕಿಂತ ಈ ವೃತ್ತಗಳು ಎಷ್ಟೋ ಮೇಲು. ಮುಂದಿನ ಸಲ ಎಲ್ಲಿ ಕಿವಿಗೊಡಬೇಕು ಎಂಬುದನ್ನು ಅವೇ ತೋರಿಸುತ್ತವೆ.

ಮೂಗಿನ ‘ಸ’ ಕಲಿತಿದ್ದ ಮಗುವಿಗೆ ಪಾಠ ಶುರುವಾಗುವುದು ‘ಸ’ದಿಂದಲ್ಲ, ‘ತ’ದಿಂದ. ‘ತ’ ಅವಳಿಗೆ ಬಾಯಿಂದಲೇ ಬರುತ್ತದೆ. ಮೂಗು ಹಿಡಿದುಕೊಂಡು ‘ತ್’ ಎಂದು, ನಾಲಿಗೆಯನ್ನು ಥಟ್ಟನೆ ಬಿಡದೆ ಮೆಲ್ಲಗೆ ಸಡಿಲಿಸಿದರೆ ‘ತ್ಸ್ಸ್’ ಎಂದು ಗಾಳಿ ಹಲ್ಲಿನ ಸಂದಿಯಿಂದ ಹರಿಯುತ್ತದೆ. ಅದು ಬಾಯಿಯ ಮುಂದೆ ಹಿಡಿದ ತನ್ನ ಅಂಗೈಗೆ ತಣ್ಣಗೆ ತಾಕುವುದನ್ನು ಮಗು ಗಮನಿಸುತ್ತದೆ. ಆಮೇಲೆ ಮೂಗು ಬಿಟ್ಟು ಅದನ್ನೇ ಹೇಳುವುದು, ಆಮೇಲೆ ಮುಂದಿನ ‘ತ್’ ಅನ್ನು ಕಳಚುವುದು. ದಾಖಲೆಯ ಪುಟದಲ್ಲಿ ಈ ಹಾದಿ ಒಂದರ ಕೆಳಗೊಂದು ಬರುತ್ತದೆ: ಮೊದಲ ಭೇಟಿಯಲ್ಲಿ [ban̥͋ːu], ಕೆಲವು ವಾರಗಳ ಮೇಲೆ [batsːu], ಅದರ ಕೆಳಗೆ [basːu]. ‘ಬಸ್ಸು’ ಸರಿಹೋದ ಆ ಪುಟದಲ್ಲೇ ‘ಪುಸ್ತಕ’ದ ಎದುರು ಇನ್ನೂ ಅಲೆಗೆರೆ, ಎರಡು ಚುಕ್ಕೆ ಇರಬಹುದು. ಮುಂದಿನ ವಾರದ ಪಾಠ ಆ ಪದದಿಂದ.